ಮಾತು ಒಂದು ಹೇಳಿದರೆ ಶೀಟು ಇನ್ನೊಂದು ಹೇಳುತ್ತದೆ
(ವಾರ್ಷಿಕ ಸಭೆಯಲ್ಲಿ ಆಡಿದ ಮಾತಿನ ಬರಹರೂಪ)

ನಾನು ಅಕೌಂಟ್ಸ್ ಕೆಲಸದವನು ಅಂತ ಗೊತ್ತಾದ ಮೇಲೆ ನಮ್ಮವರು ಆಗಾಗ ತಮ್ಮ ಪ್ಲಾನುಗಳನ್ನು ತಂದು ತೋರಿಸ್ತಾರೆ. "ಸ್ವಲ್ಪ ನೋಡಿ ಹೇಳಿ ಸಾರ್, ದುಡ್ಡು ಹಾಕಬಹುದಾ?" ಎನ್ನುವುದು ಪ್ರಶ್ನೆ. ಇಂಥ ಪ್ಲಾನಿನಲ್ಲಿ ಎರಡು ಭಾಗ ಇರುತ್ತದೆ. ಒಂದು ಬರೆದ ಕಥೆ, ಇನ್ನೊಂದು ಎಕ್ಸೆಲ್ ಶೀಟು. ಎರಡನ್ನೂ ಬೇರೆ ಬೇರೆಯಾಗಿ ಓದಿದರೆ ಎರಡೂ ಚೆನ್ನಾಗಿಯೇ ಕಾಣುತ್ತವೆ. ಪಕ್ಕಪಕ್ಕ ಇಟ್ಟು ಓದುವವರು ಕಡಿಮೆ.

ದೊಡ್ಡವರ ಪ್ಲಾನೂ ಇದಕ್ಕೆ ಹೊರತಲ್ಲ. 2008ರಲ್ಲಿ ಐರ್ಲೆಂಡಿನ ಬ್ಯಾಂಕುಗಳು ಕುಸಿದ ಮೇಲೆ ಸರ್ಕಾರ ನಾಮಾ ಎಂಬ ಸಂಸ್ಥೆ ಕಟ್ಟಿತು. ಬಿಲ್ಡರುಗಳ ಕೆಟ್ಟ ಸಾಲವನ್ನು ಬ್ಯಾಂಕುಗಳಿಂದ ಕೊಂಡು ನಿಧಾನವಾಗಿ ವಸೂಲಿ ಮಾಡುವುದು ಅದರ ಕೆಲಸವಾಗಿತ್ತು. 2009ರ ಅಕ್ಟೋಬರಿನಲ್ಲಿ ಬಂದ ಕರಡು ಪ್ಲಾನ್ ಹೀಗಿತ್ತು: 77 ಬಿಲಿಯನ್ ಯೂರೋ ಸಾಲವನ್ನು 54 ಬಿಲಿಯನ್‌ಗೆ ಕೊಳ್ಳುತ್ತೇವೆ, ಅಡವಿಗಿರುವ ಆಸ್ತಿಯ ಅಂದಿನ ಬೆಲೆ 47 ಬಿಲಿಯನ್. ಇದು ಕಥೆ. ಲೆಕ್ಕದಲ್ಲಿ ಮಾತ್ರ ಸಾಲಗಾರರಲ್ಲಿ ನೂರಕ್ಕೆ 20 ಭಾಗ ಮಾತ್ರ ಕೈಎತ್ತುತ್ತಾರೆ, ಉಳಿದ 80 ಭಾಗ ವಾಪಸ್ ಬರುತ್ತದೆ ಅಂತ ಹಿಡಿದಿದ್ದರು. 77ರ 80 ಭಾಗ ಅಂದರೆ ಸುಮಾರು 62 ಬಿಲಿಯನ್. ಆಸ್ತಿಯೇ 47 ಬಾಳುವಾಗ ಸಾಲಗಾರ 62 ಎಲ್ಲಿಂದ ತರುತ್ತಾನೆ? ಆಸ್ತಿ ಬೆಲೆ ಚೆನ್ನಾಗಿ ಏರಬೇಕು, ಇಲ್ಲವೇ ಅವನ ಹತ್ತಿರ ಬೇರೆ ದುಡ್ಡಿರಬೇಕು. ಬರುವ ಸಾಲದಲ್ಲಿ ನೂರಕ್ಕೆ 40 ಭಾಗ ಈಗಲೂ ಆದಾಯ ತರುತ್ತಿದೆ ಅಂತಲೂ ಪ್ಲಾನಿನಲ್ಲಿತ್ತು. 2010ರ ಜುಲೈನಲ್ಲಿ, ಸಾಲದ ಕಡತಗಳು ಕೈಗೆ ಬಂದ ಮೇಲೆ, ಹೊಸ ಪ್ಲಾನಿನಲ್ಲಿ ಆ 40 ಇಳಿದು 25 ಆಯಿತು. ಕೊನೆಗೆ ನಾಮಾ 74 ಬಿಲಿಯನ್ ಸಾಲಕ್ಕೆ ಕೊಟ್ಟದ್ದು 31.8 ಬಿಲಿಯನ್ ಮಾತ್ರ. ಹಾಗೆ ಕಡಿಮೆ ಕೊಟ್ಟದ್ದರಿಂದಲೇ ಮುಂದೆ ಬಚಾವಾಯಿತು ಅನ್ನುವುದು ನನ್ನ ಅಭಿಪ್ರಾಯ. 62 ಮತ್ತು 47ರ ವ್ಯತ್ಯಾಸ ಕಾಣೋಕೆ ಅರ್ಥಶಾಸ್ತ್ರ ಬೇಕಿರಲಿಲ್ಲ, ಗುಣಾಕಾರ ಸಾಕಿತ್ತು.

ಈಗ ನಮ್ಮ ಮಟ್ಟಕ್ಕೆ ಬರೋಣ. 2025ರ ಮೊದಲ ಭಾಗದಲ್ಲಿ ಒಬ್ಬ ಸ್ನೇಹಿತರು ಡಬ್ಲಿನ್ ಹೊರವಲಯದಲ್ಲಿ ದೋಸೆ–ಇಡ್ಲಿ ಟೇಕ್‌ಅವೇ ತೆರೆಯುವ ಪ್ಲಾನ್ ತಂದರು. ಅವರ ಒಪ್ಪಿಗೆಯಿಂದಲೇ ಹೇಳ್ತಿದ್ದೇನೆ. ಕಥೆಯಲ್ಲಿ ಬರೆದದ್ದು ಇಷ್ಟು: ಸೋಮವಾರ ರಜೆ, ವಾರಕ್ಕೆ ಆರು ದಿನ, ಬೆಳಿಗ್ಗೆ 11ರಿಂದ ರಾತ್ರಿ 9. ಅಡುಗೆಮನೆಯಲ್ಲಿ ಯಾವಾಗಲೂ ಇಬ್ಬರು. ದಿನಕ್ಕೆ 80 ಆರ್ಡರ್, ಒಂದಕ್ಕೆ ಸರಾಸರಿ 14 ಯೂರೋ, ಅರ್ಧದಷ್ಟು ಆರ್ಡರ್ ಡೆಲಿವರಿ ಆ್ಯಪ್‌ನಿಂದ. ಶೀಟಿನ ಕೊನೆಯಲ್ಲಿ ಹಸಿರು ಬಣ್ಣದಲ್ಲಿ ತಿಂಗಳ ಲಾಭ 11,500 ಯೂರೋ.

ನಾನು 80 ಆರ್ಡರ್ ಬರುತ್ತಾ ಅಂತ ಕೇಳಲೇ ಇಲ್ಲ. ಅದನ್ನು ಕೇಳಿದರೆ ವಾದ ಶುರುವಾಗುತ್ತದೆ, ಅವರು ಬರುತ್ತೆ ಅಂತಾರೆ, ನಾನು ಬರಲ್ಲ ಅಂತೀನಿ. ಅವರ ಮಾತನ್ನೇ ನಿಜ ಅಂತ ಒಪ್ಪಿಕೊಂಡು, ಅದು ಶೀಟಿನೊಳಗೆ ಇದೆಯಾ ಅಂತ ಮಾತ್ರ ನೋಡಿದೆ. ಮೊದಲು ಮಾರಾಟದ ಸೆಲ್ ಮೇಲೆ ಕ್ಲಿಕ್ ಮಾಡಿದೆ. ಮೇಲಿನ ಪಟ್ಟಿಯಲ್ಲಿ ಕಂಡದ್ದು:

```
=80*14*30
```

ಸೋಮವಾರ ರಜೆ ಅಂದಿದ್ದೀರಿ, 30 ದಿನ ಹೇಗೆ? ಆರು ದಿನದ ವಾರಕ್ಕೆ ತಿಂಗಳಲ್ಲಿ 26 ದಿನ. ಇನ್ನೊಂದು, 14 ಯೂರೋ ಎನ್ನುವುದು ಮೆನು ಬೆಲೆ. ಗಿರಾಕಿ ಕೊಡುವ ಅದರಲ್ಲಿ ಬಿಸಿ ಊಟದ ಮೇಲೆ ಆಗ ಇದ್ದ 13.5 ಶೇಕಡಾ ವ್ಯಾಟ್ ಸೇರಿತ್ತು, ಅದು ಸರ್ಕಾರದ್ದು. ಹಾಗಾಗಿ ಸೆಲ್ ಹೀಗಿರಬೇಕು:

```
=80*14*26/1.135
```

33,600 ಇದ್ದದ್ದು ಸುಮಾರು 25,650 ಆಯಿತು. (ಕೊಂಡ ಮಾಲಿನ ವ್ಯಾಟ್ ಹಿಂದೆ ಬರುವುದು ಇದೆ. ಆದರೆ ಇಲ್ಲಿ ಅಕ್ಕಿ, ಬೇಳೆ, ತರಕಾರಿಗೆ ವ್ಯಾಟೇ ಸೊನ್ನೆ, ಆದ್ದರಿಂದ ಅದನ್ನು ಬಿಟ್ಟೆ.)

ಆಮೇಲೆ ಸಂಬಳದ ಸಾಲು. ದಿನಕ್ಕೆ 10 ಗಂಟೆ, ಆರು ದಿನ, ಇಬ್ಬರು: ವಾರಕ್ಕೆ 120 ಗಂಟೆ. ಶೀಟಿನಲ್ಲಿ 80 ಗಂಟೆ ಮಾತ್ರ, ಗಂಟೆಗೆ ಆಗಿನ ಕನಿಷ್ಠ ವೇತನ 13.50, ತಿಂಗಳಿಗೆ ನಾಲ್ಕೇ ವಾರ, ಒಟ್ಟು 4,320. ಉಳಿದ 40 ಗಂಟೆ ಯಾರು ಅಂದೆ. "ನಾನೇ ನಿಂತ್ಕೋತೀನಿ ಸಾರ್, ನನಗ್ಯಾಕೆ ಸಂಬಳ?" ಅಂದರು. ಅವರಿಗೆ ಹಗಲು ವಾರಕ್ಕೆ 39 ಗಂಟೆಯ ಕೆಲಸ ಇದೆ. ಅದಕ್ಕಿಂತ ಮುಖ್ಯ, ಅವರು ಸ್ಟ್ಯಾಂಪ್ 1ರಲ್ಲಿ ಇರುವವರು. ಪರ್ಮಿಟ್ ಮೇಲೆ ಇರುವವರು ಪರ್ಮಿಟ್‌ನಲ್ಲಿ ಹೆಸರಿರುವ ಮಾಲೀಕರ ಕೆಲಸ ಮಾಡಬೇಕೇ ಹೊರತು ತಮ್ಮ ಅಂಗಡಿಯ ಒಲೆ ಮುಂದೆ ನಿಲ್ಲುವಂತಿಲ್ಲ. ನಮ್ಮವರ ಎಷ್ಟೋ ಪ್ಲಾನುಗಳಲ್ಲಿ ಈ ಸಂಬಳವಿಲ್ಲದ ಮನುಷ್ಯ ಅಡಗಿ ಕೂತಿರ್ತಾನೆ. ಅವನನ್ನು ಹುಡುಕುವ ದಾರಿ ಒಂದೇ: ಕಥೆಯಲ್ಲಿರುವ ಗಂಟೆಗಳನ್ನು ಕೂಡಿಸಿ ಶೀಟಿನ ಗಂಟೆ ಕಳೆಯಿರಿ. 120 ಗಂಟೆಗೂ ಆಳು ಇಟ್ಟು, ವರ್ಷದ 52 ವಾರವನ್ನು 12ರಿಂದ ಭಾಗಿಸಿ, ಮಾಲೀಕರು ಕಟ್ಟಬೇಕಾದ ಪಿ.ಆರ್.ಎಸ್.ಐ. ಆಗಿನ ದರ 11.15 ಶೇಕಡಾ ಸೇರಿಸಿದರೆ ತಿಂಗಳಿಗೆ 7,800. ಕಾನೂನು ಕೊಡುವ ವರ್ಷದ ನಾಲ್ಕು ವಾರದ ರಜೆಗೆ ಬದಲಿ ಆಳಿನ ಖರ್ಚು ಇದರಲ್ಲಿ ಇನ್ನೂ ಸೇರಿಲ್ಲ. ಹಿಟ್ಟು ರುಬ್ಬುವವರು 11 ಗಂಟೆಗೆ ಬಂದರೆ 11ಕ್ಕೆ ದೋಸೆ ಹೇಗೆ ಹುಯ್ತಾರೋ, ಅದನ್ನೂ ಕೇಳಬೇಕಿತ್ತು, ಬಿಟ್ಟೆ.

ಮೂರನೆಯದು ಶೀಟಿನಲ್ಲಿ ಇಲ್ಲದ ಸಾಲು. ತಪ್ಪಾದ ಸಂಖ್ಯೆ ಕಣ್ಣಿಗೆ ಬೀಳುತ್ತದೆ, ಇಲ್ಲದ ಸಾಲು ಬೀಳುವುದಿಲ್ಲ. ಅದಕ್ಕೇ ನಾನು ಕಥೆಯಲ್ಲಿ ಬರುವ ಪ್ರತಿಯೊಂದು ಕ್ರಿಯಾಪದಕ್ಕೂ ಪೆನ್ಸಿಲಿನಲ್ಲಿ ಗೆರೆ ಹಾಕಿ, ಇದರ ದುಡ್ಡು ಯಾವ ಸಾಲಿನಲ್ಲಿದೆ ಅಂತ ಹುಡುಕ್ತೀನಿ. "ಆ್ಯಪ್ ಮೂಲಕ ತಲುಪಿಸುತ್ತೇವೆ" ಅಂತ ಇತ್ತು, ಆ್ಯಪ್ ಕಮಿಷನ್ನಿನ ಸಾಲೇ ಇರಲಿಲ್ಲ. ಅವರಿಗೆ ಬಂದಿದ್ದ ದರ 30 ಶೇಕಡಾ. ಅರ್ಧ ಮಾರಾಟಕ್ಕೆ ಅದು ತಿಂಗಳಿಗೆ 4,370.

ಸಾಮಾನಿನ ಖರ್ಚನ್ನು ಅವರದೇ ದರದಲ್ಲಿ, ಆರ್ಡರಿಗೆ 4.20ರಂತೆ, 26 ದಿನಕ್ಕೆ ಇಳಿಸಿದೆ: 8,740. ಬಾಡಿಗೆ, ಕರೆಂಟು–ಇನ್ಶೂರೆನ್ಸು, ಸಾಲದ ಕಂತು ಒಟ್ಟು 7,700, ಅದನ್ನು ಮುಟ್ಟಲಿಲ್ಲ. ಎಲ್ಲ ಕೂಡಿಸಿದರೆ ಖರ್ಚು 28,610. ಬರುವುದು 25,650. ಹಸಿರು 11,500 ಇದ್ದ ಜಾಗದಲ್ಲಿ ಸುಮಾರು 2,950 ನಷ್ಟ. ನನ್ನ ಅನುಮಾನ ಒಂದನ್ನೂ ಹಾಕಿರಲಿಲ್ಲ. ಎಲ್ಲ ಅವರದೇ ಮಾತು, ಅವರದೇ ದರ, ಜೊತೆಗೆ ಇಲ್ಲಿನ ಕಾಯಿದೆ.

ಈ ಪರೀಕ್ಷೆಗೂ ಮಿತಿ ಇದೆ. ಕಥೆಯೂ ಶೀಟೂ ಒಂದಕ್ಕೊಂದು ಹೊಂದಿದ ಮಾತ್ರಕ್ಕೆ ಪ್ಲಾನ್ ಗೆಲ್ಲುತ್ತದೆ ಅಂತಲ್ಲ. ಎರಡರಲ್ಲೂ 80 ಅಂತಲೇ ಬರೆದು, ಅಂಗಡಿಗೆ 30 ಜನ ಬಂದರೆ ನಮ್ಮ ಪೆನ್ಸಿಲಿಗೆ ಅದು ಸಿಗಲ್ಲ. ಅದಕ್ಕೆ ಹೊರಗೆ ಹೋಗಿ ನೋಡಬೇಕು. ಆದರೆ ಏನನ್ನು ನೋಡಬೇಕು ಎನ್ನುವುದನ್ನು ಸರಿಯಾದ ಶೀಟು ಹೇಳಿಕೊಡುತ್ತದೆ.

ಸ್ನೇಹಿತರು ಬೇಜಾರು ಮಾಡಿಕೊಂಡರು, ನಿಜ. ಎರಡು ವಾರ ಬಿಟ್ಟು ಹೊಸ ಕಥೆ ಬರೆದುಕೊಂಡು ಬಂದರು: ಸಂಜೆ 5ರಿಂದ 10 ಮಾತ್ರ, ಆ್ಯಪ್ ಬೇಡ, ಇಬ್ಬರು ಆಳು ವಾರಕ್ಕೆ ತಲಾ 30 ಗಂಟೆ. ವಾರದ ಸಂಬಳ ಕಡಿಮೆಯಾದ್ದರಿಂದ ಪಿ.ಆರ್.ಎಸ್.ಐ. ಕೂಡ ಕೆಳಗಿನ ದರಕ್ಕೆ, 8.9ಕ್ಕೆ, ಇಳಿಯಿತು. ಸಂಬಳ, ಬಾಡಿಗೆ ಎಲ್ಲ ಸೇರಿ ತಿಂಗಳಿಗೆ ಸುಮಾರು 11,500. ಒಂದು ಆರ್ಡರಿನಲ್ಲಿ ವ್ಯಾಟ್ ಮತ್ತು ಸಾಮಾನು ಕಳೆದು ಕೈಗೆ ಉಳಿಯುವುದು 8.13. ಭಾಗಿಸಿದರೆ ದಿನಕ್ಕೆ 55 ಆರ್ಡರ್ ಬಂದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ.

55 ಅಂದರೆ ಎಣಿಸಬಹುದಾದ ಸಂಖ್ಯೆ. ಅವರು ಅದೇ ಬೀದಿಯ ಇನ್ನೊಂದು ಟೇಕ್‌ಅವೇ ಎದುರು ಕಾರು ನಿಲ್ಲಿಸಿಕೊಂಡು, ಒಂದು ಮಂಗಳವಾರ ಮತ್ತು ಒಂದು ಶುಕ್ರವಾರ, ಐದರಿಂದ ಹತ್ತರವರೆಗೆ, ಹೊರಗೆ ಬರುವ ಚೀಲಗಳನ್ನು ಎಣಿಸಿದರು. ಶುಕ್ರವಾರ 61. ಮಂಗಳವಾರ 23. ಈಗ ಅವರು ಬಾಡಿಗೆ ಕಡಿಮೆ ಇರುವ ಜಾಗ ಹುಡುಕುತ್ತಿದ್ದಾರೆ, ಶೀಟಿನಲ್ಲಿ ವಾರದ ಪ್ರತಿ ದಿನಕ್ಕೂ ಬೇರೆ ಬೇರೆ ಸಾಲು ಬಂದಿದೆ.