ಅಮರಗೋಳದ ಉಳ್ಳಾಗಡ್ಡಿ ದರ ಮತ್ತು ನಿಮ್ಮ ಮೊದಲ ಪ್ರಾಜೆಕ್ಟ್

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ನಮ್ಮ ಶಾಲೆಯಲ್ಲಿ ಕಲಿತು ಈಗ ಬಿ.ಕಾಂ, ಬಿ.ಎಸ್ಸಿ, ಬಿ.ಇ ಮುಗಿಸಿರುವ ತಮ್ಮಂದಿರು, ತಂಗಿಯರು ಫೋನ್ ಮಾಡಿದಾಗ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: "ಅಣ್ಣಾ, ಡೇಟಾ ಅನಾಲಿಟಿಕ್ಸ್ ಕೆಲಸಕ್ಕ ಹೋಗಬೇಕು ಅಂದ್ರ ಏನು ಕಲೀಬೇಕು? ಯಾವ ಕೋರ್ಸಿಗೆ ರೊಕ್ಕ ಕಟ್ಟಬೇಕು?" ಸಾಲ ಮಾಡಿ ಕೋರ್ಸಿಗೆ ಹಣ ಕಟ್ಟುವ ಮೊದಲು ಮನೆಯಲ್ಲಿ ಕೂತೇ ಹದಿನಾರು ವಾರದಲ್ಲಿ ಏನು ಮಾಡಬಹುದು ಎಂಬುದನ್ನು ಇಂದು ಹೇಳುತ್ತೇನೆ. ದಿನಕ್ಕೆ ಒಂದೂವರೆ ಗಂಟೆ, ಒಂದು ಸಾಧಾರಣ ಲ್ಯಾಪ್‌ಟಾಪ್, ಇಂಟರ್ನೆಟ್ ಇದ್ದರೆ ಸಾಕು.

ಈ ಕೆಲಸದ ಸ್ವರೂಪ ಇಷ್ಟೇ: ಯಾರೋ ಒಂದು ಪ್ರಶ್ನೆ ಕೇಳುತ್ತಾರೆ. ಅದಕ್ಕೆ ಸಂಬಂಧಿಸಿದ ದಾಖಲೆ ಹುಡುಕಿ, ಹಸನು ಮಾಡಿ, ಲೆಕ್ಕ ಹಾಕಿ, ಉತ್ತರವನ್ನು ಸರಳ ಮಾತಿನಲ್ಲಿ ಹೇಳಬೇಕು. ಆ ಉತ್ತರವನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬುದನ್ನೂ ಹೇಳಬೇಕು. ಆದ್ದರಿಂದ ಸಾಫ್ಟ್‌ವೇರ್‌ಗಳ ಪಟ್ಟಿ ಹಿಡಿದು ಕಲಿಯುವುದಕ್ಕಿಂತ ಒಂದು ಪ್ರಶ್ನೆ ಹಿಡಿದು ಕಲಿಯುವುದು ಒಳ್ಳೆಯದು.

ನಾನು ಸೂಚಿಸುವ ಪ್ರಶ್ನೆ ನಮ್ಮೂರಿನದೇ. ಅಮರಗೋಳದ ಎಪಿಎಂಸಿಗೆ ಉಳ್ಳಾಗಡ್ಡಿ ಹೆಚ್ಚು ಬಂದಾಗ ದರ ಎಷ್ಟು ಇಳಿಯುತ್ತದೆ? ಇದಕ್ಕೆ ಬೇಕಾದ ಮಾಹಿತಿ ಕೇಂದ್ರ ಸರ್ಕಾರದ `agmarknet.gov.in` ತಾಣದಲ್ಲಿ ಯಾರಿಗೆ ಬೇಕಾದರೂ ಉಚಿತವಾಗಿ ಸಿಗುತ್ತದೆ. ಸರಕು, ರಾಜ್ಯ, ಮಾರುಕಟ್ಟೆ, ದಿನಾಂಕ ಆರಿಸಿದರೆ ಆವಕ ಮತ್ತು ಕ್ವಿಂಟಲ್‌ಗೆ ಕನಿಷ್ಠ, ಗರಿಷ್ಠ, ಮೋಡಲ್ ದರಗಳು ಬರುತ್ತವೆ. ಮೋಡಲ್ ದರವೆಂದರೆ ಆ ದಿನ ಹೆಚ್ಚು ಮಾಲು ಮಾರಾಟವಾದ ದರ. ಹತ್ತನೇ ತರಗತಿಯ ಸಂಖ್ಯಾಶಾಸ್ತ್ರದಲ್ಲಿ ಓದುವ ಬಹುಲಕವೇ ಇದು. ಮೂರು ವರ್ಷದ ಮಾಹಿತಿ ಇಳಿಸಿಕೊಳ್ಳಿ. ಮೂಲ ಕಡತವನ್ನು ಎಂದೂ ಮುಟ್ಟಬೇಡಿ. ಒಂದು ಪ್ರತಿ ಮಾಡಿ ಅದರ ಮೇಲೆ ಕೆಲಸ ಮಾಡಿ.

ಮೊದಲ ನಾಲ್ಕು ವಾರ ಎಕ್ಸೆಲ್. ಫಿಲ್ಟರ್, ಪಿವೋಟ್ ಟೇಬಲ್, ಒಂದು ಹಾಳೆಯಿಂದ ಇನ್ನೊಂದಕ್ಕೆ ಮಾಹಿತಿ ತರುವ ಲುಕಪ್, ಇಷ್ಟು ಗಟ್ಟಿಯಾದರೆ ಸಾಕು. ಈ ಹಂತದಲ್ಲಿ ನಿಜವಾದ ಕಲಿಕೆ ನಡೆಯುವುದು ಮಾಹಿತಿ ಹಸನು ಮಾಡುವುದರಲ್ಲಿ. ನೀವು ಖಂಡಿತ ಎದುರಿಸುವ ಮೂರು ತೊಡಕುಗಳನ್ನು ಹೇಳುತ್ತೇನೆ.

ಮೊದಲನೆಯದು ಹೆಸರು. 2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಇಂಗ್ಲಿಷ್ ಹೆಸರುಗಳು ಬದಲಾದವು. ಹಾಗಾಗಿ ಹಳೆಯ, ಹೊಸ ಕಡತಗಳನ್ನು ಕೂಡಿಸಿದಾಗ `Hubli` ಒಂದು ಊರು, `Hubballi` ಇನ್ನೊಂದು ಊರು ಎಂದು ಕಂಪ್ಯೂಟರ್ ತಿಳಿಯುತ್ತದೆ. ಪಿವೋಟ್ ಟೇಬಲ್‌ನಲ್ಲಿ ಮಾರುಕಟ್ಟೆಗಳ ಹೆಸರನ್ನಷ್ಟೇ ಹಾಕಿ ನೋಡಿದರೆ ಇದು ತಕ್ಷಣ ಕಾಣುತ್ತದೆ.

ಎರಡನೆಯದು ದಿನಾಂಕ. ನಿಮ್ಮ ಕಂಪ್ಯೂಟರ್ ಅಮೆರಿಕದ ಪದ್ಧತಿಗೆ ಹೊಂದಿಸಿದ್ದರೆ 03/04/2023 ಎಂಬುದು ಏಪ್ರಿಲ್ 3ರ ಬದಲು ಮಾರ್ಚ್ 4 ಆಗುತ್ತದೆ. 25/04/2023 ಎಂಬುದಕ್ಕೆ ಅಲ್ಲಿ ಅರ್ಥವೇ ಇಲ್ಲದ ಕಾರಣ ಅದು ಬರೀ ಅಕ್ಷರವಾಗಿ ಉಳಿಯುತ್ತದೆ. ಗುರುತು ಹಿಡಿಯುವುದು ಸುಲಭ. ದಿನಾಂಕಗಳಲ್ಲಿ ಕೆಲವು ಚೌಕದ ಬಲಕ್ಕೆ, ಕೆಲವು ಎಡಕ್ಕೆ ಕೂತಿದ್ದರೆ ಈ ಗೊಂದಲ ಆಗಿದೆ ಎಂದರ್ಥ.

ಮೂರನೆಯದು ಖಾಲಿ ದಿನಗಳು. ರಜೆಯ ದಿನ ವಹಿವಾಟು ಇಲ್ಲ, ದರವೂ ಇಲ್ಲ. ಆ ಜಾಗದಲ್ಲಿ ಸೊನ್ನೆ ತುಂಬಿದರೆ ಉಳ್ಳಾಗಡ್ಡಿಯನ್ನು ಪುಕ್ಕಟೆ ಮಾರಿದಂತಾಗಿ ಸರಾಸರಿ ಕುಸಿಯುತ್ತದೆ. ಜೊತೆಗೆ ಪ್ರತಿ ಸಾಲಿನಲ್ಲೂ ಮೋಡಲ್ ದರವು ಕನಿಷ್ಠ ಮತ್ತು ಗರಿಷ್ಠದ ನಡುವೆ ಇದೆಯೇ ಎಂದು ಪರೀಕ್ಷಿಸಿ. 1,200ರ ಬದಲು 12,000 ಎಂದು ಟೈಪಾಗಿದ್ದರೆ ಇಲ್ಲಿ ಸಿಕ್ಕಿಬೀಳುತ್ತದೆ. ಏನನ್ನು ಬದಲಿಸಿದಿರಿ, ಎಷ್ಟು ಸಾಲು ತೆಗೆದಿರಿ, ಏಕೆ ತೆಗೆದಿರಿ ಎಂಬುದನ್ನು ಒಂದು ಹಾಳೆಯಲ್ಲಿ ಬರೆಯುತ್ತಾ ಹೋಗಿ. ಈ ಹಾಳೆ ಮುಂದೆ ಬಹಳ ಬೆಲೆಬಾಳುತ್ತದೆ.

ಇನ್ನು ಲೆಕ್ಕಕ್ಕೆ ಬರೋಣ. ತಿಂಗಳ ಸರಾಸರಿ ದರ ಬೇಕೆಂದರೆ ಹೆಚ್ಚಿನವರು ಎಲ್ಲ ದಿನಗಳ ದರ ಕೂಡಿಸಿ ದಿನಗಳಿಂದ ಭಾಗಿಸುತ್ತಾರೆ. ತಿಳಿಯಲು ಎರಡೇ ದಿನದ ಕಲ್ಪಿತ ಉದಾಹರಣೆ ನೋಡಿ. ಸೋಮವಾರ 200 ಟನ್ ಬಂತು, ದರ 1,200 ರೂಪಾಯಿ. ಮಂಗಳವಾರ 50 ಟನ್ ಬಂತು, ದರ 2,000 ರೂಪಾಯಿ. ಸಾದಾ ಸರಾಸರಿ 1,600. ಆದರೆ ಐದು ಪಾಲಿನಲ್ಲಿ ನಾಲ್ಕು ಪಾಲು ಮಾಲು 1,200ಕ್ಕೇ ಹೋಗಿದೆಯಲ್ಲ! ಆವಕದ ತೂಕ ಸೇರಿಸಿ ಲೆಕ್ಕ ಹಾಕಿದರೆ ಬರುವುದು 1,360. ಕ್ವಿಂಟಲ್‌ಗೆ 240 ರೂಪಾಯಿ ವ್ಯತ್ಯಾಸ. ಸಾದಾ ಸರಾಸರಿ ನೋಡಿದವರು ರೈತನಿಗೆ ಒಳ್ಳೆಯ ದರ ಸಿಕ್ಕಿತು ಎನ್ನುತ್ತಾರೆ. ಗಾಡಿ ತುಂಬ ಮಾಲು ತಂದ ರೈತನ ಕೈಗೆ ಅದು ಸಿಕ್ಕಿರುವುದಿಲ್ಲ. ಆವಕ C ಕಾಲಂನಲ್ಲಿ, ದರ D ಕಾಲಂನಲ್ಲಿ ಇದ್ದರೆ ಎಕ್ಸೆಲ್ ಸೂತ್ರ ಹೀಗಿದೆ:

```
=SUMPRODUCT(C2:C32,D2:D32)/SUM(C2:C32)
```

ಐದರಿಂದ ಒಂಬತ್ತನೇ ವಾರದವರೆಗೆ ಎಸ್‌ಕ್ಯೂಎಲ್. ಕಂಪನಿಗಳ ಮಾಹಿತಿ ಇರುವುದು ಡೇಟಾಬೇಸ್‌ಗಳಲ್ಲಿ. ಅಲ್ಲಿಂದ ಕೇಳಿ ಪಡೆಯುವ ಭಾಷೆ ಇದು. ಎಸ್‌ಕ್ಯುಲೈಟ್ ಎಂಬ ಉಚಿತ ತಂತ್ರಾಂಶಕ್ಕೆ ನಿಮ್ಮ ಹಸನಾದ ಕಡತವನ್ನು ಸೇರಿಸಿ, ಅದೇ ಲೆಕ್ಕವನ್ನು ಮತ್ತೆ ಮಾಡಿ:

```sql
SELECT strftime('%Y-%m', price_date) AS month,
       SUM(1.0 * modal_price * arrival_t)
         / SUM(arrival_t) AS avg_price
FROM onion
WHERE market = 'Hubballi' AND arrival_t > 0
GROUP BY month;
```

ಇಲ್ಲಿ ದಿನಾಂಕ 2023-04-03 ಎಂಬ ರೂಪದಲ್ಲಿರಬೇಕು, ಇಲ್ಲವಾದರೆ ತಿಂಗಳ ಕಾಲಂ ಖಾಲಿ ಬರುತ್ತದೆ. ಎಕ್ಸೆಲ್ ಉತ್ತರವೂ ಎಸ್‌ಕ್ಯೂಎಲ್ ಉತ್ತರವೂ ಒಂದೇ ಬಂದರೆ ಎರಡನ್ನೂ ನಂಬಬಹುದು. ಬೇರೆ ಬಂದರೆ ಏಕೆಂದು ಹುಡುಕುವುದೇ ಆ ದಿನದ ಪಾಠ.

ಮುಂದೆ ಎರಡು ಕೋಷ್ಟಕ ಜೋಡಿಸುವ `JOIN` ಕಲಿಯಿರಿ. ಮಾರುಕಟ್ಟೆ ಮತ್ತು ಅದರ ಜಿಲ್ಲೆ ಇರುವ ಪಟ್ಟಿಯೊಂದನ್ನು ಮಾಡಿ ದರದ ಕೋಷ್ಟಕಕ್ಕೆ ಜೋಡಿಸಿ. ಆ ಪಟ್ಟಿಯಲ್ಲಿ ಹುಬ್ಬಳ್ಳಿ ಎರಡು ಸಲ ಬಂದಿದ್ದರೆ ಪ್ರತಿ ದಿನದ ಸಾಲೂ ಎರಡಾಗುತ್ತದೆ, ಆವಕದ ಮೊತ್ತವೂ ಇಮ್ಮಡಿಯಾಗುತ್ತದೆ. ಸರಾಸರಿ ದರ ಮಾತ್ರ ಹಾಗೇ ಉಳಿಯುವುದರಿಂದ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ. ಜೋಡಿಸುವ ಮೊದಲು ಎಷ್ಟು ಸಾಲು, ನಂತರ ಎಷ್ಟು ಸಾಲು ಎಂದು ಎಣಿಸುವ ರೂಢಿ ಇದ್ದರೆ ಈ ಅಪಾಯವಿಲ್ಲ.

ಹತ್ತರಿಂದ ಹನ್ನೆರಡನೇ ವಾರ ಚಿತ್ರಗಳಿಗೆ. ಪವರ್ ಬಿಐ ಡೆಸ್ಕ್‌ಟಾಪ್ ವಿಂಡೋಸ್‌ನಲ್ಲಿ ಉಚಿತ. ಆದರೆ ಅದನ್ನು ಆನ್‌ಲೈನ್‌ನಲ್ಲಿ ಹಂಚಿಕೊಳ್ಳಲು ಕಚೇರಿ ಅಥವಾ ಕಾಲೇಜಿನ ಇ-ಮೇಲ್ ಬೇಕು. ಅದಿಲ್ಲದವರು ಟ್ಯಾಬ್ಲೋ ಪಬ್ಲಿಕ್ ಅಥವಾ ಲುಕರ್ ಸ್ಟುಡಿಯೋ ಬಳಸಬಹುದು. ಎರಡೇ ಚಿತ್ರ ಸಾಕು: ತಿಂಗಳವಾರು ಆವಕ, ಅದರ ಕೆಳಗೆ ತಿಂಗಳವಾರು ದರ.

ಚಿತ್ರ ಬಂದ ಮೇಲೆ ಅರ್ಥ ಹೇಳುವಾಗ ಎಚ್ಚರ ಬೇಕು. 2023ರ ಡಿಸೆಂಬರ್ 8ರಂದು ಕೇಂದ್ರ ಸರ್ಕಾರ ಉಳ್ಳಾಗಡ್ಡಿ ರಫ್ತು ನಿಷೇಧಿಸಿ, 2024ರ ಮೇ 4ರಂದು ತೆರವು ಮಾಡಿತು. ನಿಮ್ಮ ಚಿತ್ರದಲ್ಲಿ ಡಿಸೆಂಬರ್ ನಂತರ ದರ ಇಳಿದದ್ದು ಕಂಡರೆ ನಿಷೇಧವೇ ಕಾರಣ ಎಂದು ಬರೆಯುವ ಆಸೆಯಾಗುತ್ತದೆ. ಆದರೆ ಮುಂಗಾರಿನ ತಡವಾದ ಬೆಳೆ ಮಾರುಕಟ್ಟೆಗೆ ಬರುವ ಕಾಲವೂ ಅದೇ. ನಿಷೇಧವಿಲ್ಲದ ವರ್ಷಗಳ ಅದೇ ವಾರಗಳಲ್ಲಿ ದರ ಎಷ್ಟು ಇಳಿದಿತ್ತು ಎಂದು ಪಕ್ಕದಲ್ಲಿಟ್ಟು ನೋಡಬೇಕು. ಆಗಲೂ "ಈ ವರ್ಷ ಇಳಿಕೆ ಹೆಚ್ಚು" ಎನ್ನಬಹುದೇ ಹೊರತು "ಇಷ್ಟೂ ನಿಷೇಧದಿಂದಲೇ" ಎನ್ನಲಾಗದು. ಹಾಗೆಯೇ 2020ರಲ್ಲಿ ರಾಜ್ಯದ ಎಪಿಎಂಸಿ ಕಾಯ್ದೆಗೆ ತಿದ್ದುಪಡಿಯಾಗಿ ಯಾರ್ಡಿನ ಹೊರಗೂ ಖರೀದಿಗೆ ಅವಕಾಶವಾಯಿತು. ಆಮೇಲೆ ಯಾರ್ಡಿನ ಆವಕ ಕಡಿಮೆಯಾಗಿ ಕಂಡರೆ ಬೆಳೆಯೇ ಕಡಿಮೆಯಾಯಿತು ಎಂದು ಹೇಳುವಂತಿಲ್ಲ.

ಕೊನೆಯ ನಾಲ್ಕು ವಾರ ಬರವಣಿಗೆಗೆ. ಗಿಟ್‌ಹಬ್‌ನಲ್ಲಿ ಒಂದು ಫೋಲ್ಡರ್ ಮಾಡಿ ಮೂಲ ಕಡತ, ಹಸನಾದ ಕಡತ, ಎಸ್‌ಕ್ಯೂಎಲ್, ಬದಲಾವಣೆಗಳ ಹಾಳೆ ಇಡಿ. ಎಲ್ಲಕ್ಕಿಂತ ಮೇಲೆ ಒಂದೇ ಪುಟದ ಟಿಪ್ಪಣಿ ಇರಲಿ: ಪ್ರಶ್ನೆ ಏನು, ಒಂದು ವಾಕ್ಯದಲ್ಲಿ ಉತ್ತರ, ಒಂದು ಚಿತ್ರ, ಮಾಹಿತಿಯ ಮೂಲ, ಈ ಉತ್ತರ ಎಲ್ಲಿ ನಿಲ್ಲುವುದಿಲ್ಲ. ಕನ್ನಡದಲ್ಲಿ ಯೋಚಿಸಿ ಬರೆದು, ಆಮೇಲೆ ಸರಳ ಇಂಗ್ಲಿಷಿಗೆ ತನ್ನಿ. ಸಂದರ್ಶನದಲ್ಲಿ ಇದೇ ಪುಟವನ್ನು ಎರಡು ನಿಮಿಷದಲ್ಲಿ ಬಾಯಿಂದ ಹೇಳಬೇಕಾಗುತ್ತದೆ. ಮನೆಯಲ್ಲಿ ಗಟ್ಟಿಯಾಗಿ ಹೇಳಿ ರೂಢಿ ಮಾಡಿಕೊಳ್ಳಿ.

ಸಂದರ್ಶನ ಮಾಡುವವರ ಸಾಲಿನಲ್ಲಿ ನಾನೂ ಕೂತಿದ್ದೇನೆ. ಟೈಟಾನಿಕ್ ಹಡಗಿನ ಪ್ರಯಾಣಿಕರ ಪಟ್ಟಿ, ಸೂಪರ್‌ಸ್ಟೋರ್ ಎಂಬ ಮಾದರಿ ಅಂಗಡಿಯ ಲೆಕ್ಕ, ಇವುಗಳ ಪ್ರಾಜೆಕ್ಟುಗಳು ಮತ್ತೆ ಮತ್ತೆ ಬರುತ್ತವೆ. ಅವು ಎಲ್ಲರಿಗೂ ಸಿದ್ಧವಾಗಿ ಸಿಗುವ ಮಾಹಿತಿ. ಉತ್ತರಗಳೂ ಎಲ್ಲೆಡೆ ಸಿಗುತ್ತವೆ. ನಾವು ಕೇಳುವುದು ಬೇರೆಯೇ: "ಈ 14 ಸಾಲು ಏಕೆ ತೆಗೆದಿರಿ? ಸಾದಾ ಸರಾಸರಿ ಏಕೆ ಬೇಡವಾಯಿತು? ಇಲ್ಲಿ ಖಾಲಿ ಏಕೆ ಇದೆ?" ತಾನೇ ಮಣ್ಣು ಹಿಡಿದು ಕೆಲಸ ಮಾಡಿದವರು ತಡವರಿಸದೆ ಉತ್ತರಿಸುತ್ತಾರೆ. ಹತ್ತು ಪ್ರಮಾಣಪತ್ರಗಳು ಈ ಉತ್ತರ ಕೊಡಲಾರವು.

ಪೈಥಾನ್ ಎಲ್ಲಿ ಬಂತು ಎಂದು ಕೇಳುತ್ತೀರಿ. ಪ್ರತಿ ತಿಂಗಳೂ ಅದೇ ಕಡತ ಇಳಿಸಿ ಅದೇ ರೀತಿ ಹಸನು ಮಾಡುವುದು ಬೇಸರವಾದಾಗ ಅದನ್ನು ಶುರು ಮಾಡಿ. ಆಗ ಅದು ಏನಕ್ಕೆ ಬೇಕೆಂಬುದು ನಿಮಗೇ ತಿಳಿದಿರುತ್ತದೆ.

ಒಂದು ಪ್ರಾಜೆಕ್ಟಿನಿಂದ ನೇರವಾಗಿ ದೊಡ್ಡ ಹುದ್ದೆ ಸಿಗುತ್ತದೆ ಎಂದು ನಾನು ಹೇಳಲಾರೆ. ಎಂಐಎಸ್ ಎಕ್ಸಿಕ್ಯೂಟಿವ್, ರಿಪೋರ್ಟಿಂಗ್ ಅನಲಿಸ್ಟ್ ಎಂಬ ಹೆಸರಿನ ಹುದ್ದೆಗಳಿಗೂ ಅರ್ಜಿ ಹಾಕಿ. ಅಲ್ಲಿ ದಿನವಿಡೀ ಎಕ್ಸೆಲ್, ಎಸ್‌ಕ್ಯೂಎಲ್‌ನದೇ ಕೆಲಸ. ಅನಲಿಸ್ಟ್ ಆಗಲು ಅದೊಂದು ಸರಿಯಾದ ಬಾಗಿಲು. ಬಿ.ಕಾಂ ಓದಿದವರಿಗೆ ಲೆಕ್ಕ ತಾಳೆ ನೋಡುವ ಅಭ್ಯಾಸ ಮೊದಲೇ ಇರುವುದರಿಂದ ಅವರು ಹಿಂಜರಿಯಬೇಕಿಲ್ಲ.

ಉಳ್ಳಾಗಡ್ಡಿ ಬೇಡವೆಂದರೆ ಬ್ಯಾಡಗಿ ಮಾರುಕಟ್ಟೆಯ ಒಣಮೆಣಸಿನಕಾಯಿ ತೆಗೆದುಕೊಳ್ಳಿ, ಹತ್ತಿ ತೆಗೆದುಕೊಳ್ಳಿ. ನಿಮ್ಮ ಮನೆಯವರು ಬೆಳೆಯುವ ಅಥವಾ ಮಾರುವ ಸರಕಾದರೆ ಇನ್ನೂ ಒಳ್ಳೆಯದು; ಸಂಖ್ಯೆಯಲ್ಲಿ ಏನೋ ಎಡವಟ್ಟಾಗಿದೆ ಎಂದು ಅಪ್ಪನೋ ಕಾಕಾನೋ ನೋಡಿದ ಕೂಡಲೇ ಹೇಳಿಬಿಡುತ್ತಾರೆ. ಈ ವಾರ ಒಂದು ತಿಂಗಳ ಮಾಹಿತಿಯನ್ನಷ್ಟೇ ಇಳಿಸಿ, ಎರಡೂ ಬಗೆಯ ಸರಾಸರಿ ಹಾಕಿ, ಅವರಿಗೆ ತೋರಿಸಿ ಕೇಳಿ: ಇದರಲ್ಲಿ ಯಾವುದು ನಿಮ್ಮ ಕೈಗೆ ಬಂದ ದರಕ್ಕೆ ಹತ್ತಿರ?