ನಿನ್ನೆಯ ಸ್ಥಾನವೇ ಇಂದಿಗೂ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಈ ಸಭಾಗೃಹವನ್ನು ಪ್ರವೇಶಿಸಿದೊಡನೆ ನಮ್ಮಲ್ಲಿ ಹಲವರು ಕಳೆದ ಸಭೆಯಲ್ಲಿ ಕುಳಿತಿದ್ದ ಕಡೆಗೇ ನಡೆದು ಬಂದೆವು. ಕುರ್ಚಿಗಳ ಮೇಲೆ ಯಾರ ಹೆಸರನ್ನೂ ಬರೆದಿಲ್ಲ. ಆದರೂ ನಮ್ಮ ಎಂದಿನ ಕುರ್ಚಿಯಲ್ಲಿ ಬೇರೊಬ್ಬರು ಕುಳಿತಿದ್ದರೆ ಮನಸ್ಸಿಗೆ ತುಸು ಕಸಿವಿಸಿಯಾಗುತ್ತದೆ. ಸಾಂಗಲಿಗೂ ಮಿರಜಕ್ಕೂ ನಿತ್ಯ ಬಸ್ಸಿನಲ್ಲಿ ಓಡಾಡುವವರಿಗೂ ಈ ಅನುಭವ ಹೊಸದಲ್ಲ. ಇದು ಹೀಗೇಕೆ ಎಂಬುದನ್ನು ಶಾಲೆಯ ವರ್ಗವನ್ನೇ ಎದುರಿಗಿಟ್ಟುಕೊಂಡು ವಿಚಾರಿಸೋಣ.

ಜೂನ್ ತಿಂಗಳಲ್ಲಿ ಶಾಲೆ ತೆರೆದ ದಿನ ಯಾರು ಎಲ್ಲಿ ಕುಳಿತರೆಂದು ಉಪಾಧ್ಯಾಯರು ಒಂದು ಕಾಗದದ ಮೇಲೆ ನಕ್ಷೆ ಬರೆದಿಡಲಿ. ಹದಿನೈದು ದಿನಗಳ ಬಳಿಕ, ಮತ್ತೆ ಅದರ ಮರುದಿನ ಅದೇ ರೀತಿ ಬರೆಯಲಿ. ಕೊನೆಯ ಎರಡು ನಕ್ಷೆಗಳು ಬಹುಮಟ್ಟಿಗೆ ಒಂದೇ ಆಗಿರುತ್ತವೆ. ಇದು ಆಕಸ್ಮಿಕವಲ್ಲವೆಂಬುದಕ್ಕೆ ಗಣಿತವೇ ಸಾಕ್ಷಿ. 40 ಸ್ಥಾನಗಳಿಗೆ 40 ಮಕ್ಕಳನ್ನು ದಿನವೂ ಚೀಟಿ ಎತ್ತಿ ಕೂಡಿಸಿದರೆ, ನಿನ್ನೆಯ ಸ್ಥಾನವೇ ಇಂದೂ ದೊರೆಯುವುದು ಸರಾಸರಿಯಲ್ಲಿ ಒಬ್ಬರಿಗೆ ಮಾತ್ರ. ತಾವಾಗಿಯೇ ಕುಳಿತ ಮಕ್ಕಳಲ್ಲಾದರೋ, ಹೊಸ ಸ್ಥಾನಕ್ಕೆ ಹೋದವರನ್ನೇ ನಾವು ಹುಡುಕಬೇಕಾಗುತ್ತದೆ.

ಇದಕ್ಕೆ ಮೊದಲ ಕಾರಣ ಪರಿಚಯ. ಎಲ್ಲಿಂದ ನೋಡಿದರೆ ಕರಿಹಲಗೆ ಹೊಳೆಯುವುದಿಲ್ಲ, ಎಲ್ಲಿ ಗಾಳಿ ಬರುತ್ತದೆ, ಗುರುಗಳ ದೃಷ್ಟಿ ಎಲ್ಲಿಗೆ ಮೊದಲು ಬೀಳುತ್ತದೆ, ಇವೆಲ್ಲವನ್ನೂ ಒಮ್ಮೆ ತಿಳಿದುಕೊಂಡರೆ ದಿನವೂ ಹೊಸದಾಗಿ ಯೋಚಿಸುವ ಶ್ರಮವಿಲ್ಲ. ಮನಸ್ಸು ಪಾಠಕ್ಕೆ ಬಿಡುವಾಗುತ್ತದೆ.

ಎರಡನೆಯ ಕಾರಣ ನೆರೆಯವರು. ಅಮೆರಿಕದ ರಾಬರ್ಟ್ ಸಾಮರ್ ಮತ್ತು ಫ್ರಾಂಕ್ಲಿನ್ ಬೆಕರ್ ಎಂಬವರು 1969ರಲ್ಲಿ ಇಂಥದೇ ವಿಷಯವನ್ನು ಕುರಿತ ಅಧ್ಯಯನವೊಂದನ್ನು ಪ್ರಕಟಿಸಿದರು. ಒಬ್ಬನು ತನ್ನ ಸ್ಥಾನದಲ್ಲಿ ಏನನ್ನಾದರೂ ಗುರುತಿಗೆ ಇಟ್ಟು ಎದ್ದುಹೋದಾಗ, ಪಕ್ಕದಲ್ಲಿದ್ದ ಅಪರಿಚಿತನೂ ಆ ಸ್ಥಾನಕ್ಕೆ ಕಾವಲುಗಾರನಾಗಬಲ್ಲನೆಂದು ಅವರು ತೋರಿಸಿದರು. ನಮ್ಮ ಮಕ್ಕಳೂ "ಅಲ್ಲಿ ಕೂಡಬೇಡ, ಅದು ಅವಳ ಜಾಗ" ಎನ್ನುವುದಿಲ್ಲವೆ? ಸ್ಥಾನವನ್ನು ಕುಳಿತವನೊಬ್ಬನೇ ಹಿಡಿದಿರುವುದಿಲ್ಲ, ಸುತ್ತಲಿನವರೂ ಹಿಡಿದಿಟ್ಟಿರುತ್ತಾರೆ.

ಗಡಿನಾಡಿನವರಾದ ನಾವು ಯೋಚಿಸಬೇಕಾದುದು ಇಲ್ಲಿಯೇ. ಜತ್ತ ತಾಲೂಕಿನ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆ ಮುಗಿಸಿದ ಹುಡುಗಿಯೊಬ್ಬಳು ಮಿರಜದಲ್ಲಿ ಮರಾಠಿ ಮಾಧ್ಯಮದ ಎಂಟನೆಯ ಇಯತ್ತೆಗೆ ಸೇರಿದಳೆನ್ನೋಣ. ಮೊದಲ ದಿನ ಅವಳಿಗೆ ಭಾಷೆಯ ಅಂಜಿಕೆ. ಗುರುಗಳು ಪ್ರಶ್ನೆ ಕೇಳಿಯಾರೆಂದು ಬಾಗಿಲ ಬಳಿಯ ಕಡೆಯ ಬೆಂಚನ್ನು ಹಿಡಿಯುತ್ತಾಳೆ. ದೀಪಾವಳಿಯ ಹೊತ್ತಿಗೆ ಮರಾಠಿ ಅವಳ ನಾಲಗೆಗೆ ಒಗ್ಗಿರುತ್ತದೆ, ಅಂಜಿಕೆ ಹೋಗಿರುತ್ತದೆ. ಆದರೆ ಬೆಂಚು ಮಾತ್ರ ಅದೇ! ಕಾರಣ ಅಳಿದ ಮೇಲೂ ಸ್ಥಾನ ಉಳಿಯಿತು. ಮುಂದೆ ಹೋಗಬೇಕೆಂದರೆ ಅಲ್ಲಿ ಈಗಾಗಲೇ ಬೇರೆಯವರ 'ಜಾಗ'ಗಳಾಗಿವೆ. ಇತ್ತ ಉಪಾಧ್ಯಾಯರ ಮನಸ್ಸಿನಲ್ಲಿಯೂ ಅವಳು 'ಹಿಂದಿನ ಬೆಂಚಿನವಳು' ಆಗಿಬಿಟ್ಟಿರುತ್ತಾಳೆ.

ಇದಕ್ಕೆ ಪರಿಹಾರ ಸುಲಭ. ಹದಿನೈದು ದಿನಗಳಿಗೊಮ್ಮೆ ಪ್ರತಿಯೊಂದು ಸಾಲೂ ಒಂದು ಸಾಲು ಮುಂದೆ ಬರಲಿ, ಮೊದಲನೆಯ ಸಾಲು ಕಡೆಗೆ ಹೋಗಲಿ. ಒಂದು ಬೆಂಚಿನವರನ್ನು ಮಾತ್ರ ಅಗಲಿಸಬಾರದು; ಗೆಳತಿ ಜೊತೆಗಿದ್ದರೆ ಹೊಸ ಸ್ಥಾನ ಬೇಗ ತನ್ನದಾಗುತ್ತದೆ. ದಿನವೂ ಬದಲಿಸುವುದೂ ಸಲ್ಲದು. ಹಾಗೆ ಮಾಡಿದರೆ ಪರಿಚಯದಿಂದ ದೊರೆಯುವ ನೆಮ್ಮದಿಯೇ ಹೋಗುತ್ತದೆ. ಮೊದಲ ಒಂದೆರಡು ದಿನ ಗೊಣಗಾಟವಿದ್ದೀತು. ಮಕ್ಕಳು ಒಳಗೆ ಬಂದೊಡನೆ ಹಳೆಯ ಬೆಂಚಿನತ್ತ ತಿರುಗುವುದು ನಿಂತಿತೆಂದರೆ ಬದಲಾವಣೆ ಒಗ್ಗಿತೆಂದು ತಿಳಿಯಬೇಕು. ಕಣ್ಣು ಮಂದವಾದ, ಕಿವಿ ಸರಿಯಾಗಿ ಕೇಳಿಸದ ಮಕ್ಕಳು ಮಾತ್ರ ಸದಾ ಮುಂದೆಯೇ ಇರಬೇಕು.

ಇಷ್ಟರಿಂದಲೇ ಅಂಕಗಳು ಏರುವುವೆಂದು ನಾವು ಭರವಸೆ ಕೊಡುವುದಿಲ್ಲ. ಮುಂದೆ ಕುಳಿತವರು ಜಾಣರಾಗಿ ಕಾಣುವುದು, ಓದಿನಲ್ಲಿ ಆಸಕ್ತರಾದವರೇ ಮುಂದಿನ ಸ್ಥಾನವನ್ನು ಆರಿಸಿಕೊಂಡುದರಿಂದಲೂ ಇರಬಹುದು. ಆದರೆ ಜೂನ್ ತಿಂಗಳ ಒಂದು ದಿನದ ಅಂಜಿಕೆ ಇಡೀ ವರ್ಷದ ಸ್ಥಾನವನ್ನು ಗೊತ್ತುಮಾಡುವುದಂತೂ ತಪ್ಪುತ್ತದೆ.

ಪಾಲಕರಲ್ಲಿ ನಮ್ಮದೊಂದು ಬಿನ್ನಹವಿದೆ. ಮಗು ಮನೆಗೆ ಬಂದಾಗ ಎಷ್ಟು ಅಂಕ ಬಂದವೆಂದು ಕೇಳುವಿರಿ. ಅದರ ಜೊತೆಗೆ ಎಲ್ಲಿ ಕೂಡುತ್ತೀಯೆ, ಯಾವಾಗಿನಿಂದ, ಏಕೆ ಎಂದೂ ಕೇಳಿರಿ. "ಮೊದಲಿನಿಂದಲೂ ಅಲ್ಲೇ" ಎಂಬ ಉತ್ತರ ಬಂದರೆ, ಮೊದಲ ದಿನ ಏನಾಯಿತೆಂದು ಮೆಲ್ಲನೆ ವಿಚಾರಿಸಿರಿ.