ಬಾಕಿ ಸಾಲು, ಬ್ಯಾಚ್ ಮತ್ತು ಗೇಟ್‌ವೇ ಎಣಿಕೆ



ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಈ ವಿಚಾರ ಸಂಕಿರಣ ನಡೆಯುತ್ತಿರುವುದು ಸರಿಯಾಗಿಯೇ ಇದೆ. ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿ ಇಲ್ಲೇ ಇದೆ, ಕೈಗಾರಿಕಾ ವಸಾಹತು ಇದೆ. ಊರೊಳಗೆ ಹೋದರೆ ಕಾಲೇಜು, ಆಸ್ಪತ್ರೆ, ಸೌಹಾರ್ದ ಸಹಕಾರಿಗಳಿಗೆ ಲೆಕ್ಕವಿಲ್ಲ. ಇವರೆಲ್ಲರಿಗೂ ನಮ್ಮಂಥವರು ಬರೆದುಕೊಡುವ ಸಾಫ್ಟ್‌ವೇರ್‌ನಲ್ಲಿ ಒಂದು ಕೆಲಸ ತಪ್ಪದೆ ಇರುತ್ತದೆ: ಬಾಕಿ ಇರುವ ಸಾವಿರಾರು ಸಂದೇಶಗಳನ್ನು ಸರ್ವರ್ ಹತ್ತು ನಿಮಿಷಕ್ಕೊಮ್ಮೆ ಎದ್ದು ಕಳಿಸುವುದು. ಇಂದು ಈ ಒಂದೇ ಉದಾಹರಣೆ ಹಿಡಿದು ಮಾತಾಡುತ್ತೇನೆ.

ಒಂದು ಸೌಹಾರ್ದ ಸಹಕಾರಿಯಲ್ಲಿ ಸಾಲ ಪಡೆದ 6,000 ಸದಸ್ಯರಿದ್ದಾರೆ ಎಂದಿಟ್ಟುಕೊಳ್ಳಿ. ತಿಂಗಳ ಮೊದಲ ದಿನ ಅವರಿಗೆಲ್ಲ ಕಂತು ನೆನಪಿಸುವ ಎಸ್‌ಎಂಎಸ್ ಹೋಗಬೇಕು. ಗೇಟ್‌ವೇಯವರು ಸೆಕೆಂಡಿಗೆ 20ರ ಮಿತಿ ಕೊಟ್ಟಿದ್ದಾರೆ. ಯಾರು ಬೇಕಾದರೂ ಲೆಕ್ಕ ಹಾಕುತ್ತಾರೆ: 300 ಸೆಕೆಂಡ್, ಅಂದರೆ ಐದು ನಿಮಿಷ. ಹತ್ತು ನಿಮಿಷಕ್ಕೊಂದು ರನ್ ಇಟ್ಟರೆ ಧಾರಾಳವಾಯಿತು. ಸಂದೇಶ ಇಂಗ್ಲಿಷಿನಲ್ಲಿ ಇರುವವರೆಗೆ ಈ ಲೆಕ್ಕ ನಡೆಯುತ್ತದೆ ಕೂಡ. ಆಮೇಲೆ ಆಡಳಿತ ಮಂಡಳಿಯವರು ನ್ಯಾಯವಾಗಿಯೇ ಕೇಳುತ್ತಾರೆ, ನಮ್ಮ ಸದಸ್ಯರಿಗೆ ಕನ್ನಡದಲ್ಲಿ ಯಾಕೆ ಕಳಿಸಬಾರದು ಎಂದು.

ಒಂದು ಎಸ್‌ಎಂಎಸ್‌ನಲ್ಲಿ ಹಿಡಿಯುವುದು 140 ಬೈಟ್. ಇಂಗ್ಲಿಷ್ ಅಕ್ಷರಕ್ಕೆ ಏಳು ಬಿಟ್ ಸಾಕು, ಹಾಗಾಗಿ 160 ಅಕ್ಷರ ಹಿಡಿಯುತ್ತವೆ. ಕನ್ನಡ ಹೋಗುವುದು ಯುಸಿಎಸ್-2 ರೂಪದಲ್ಲಿ, ಒಂದೊಂದಕ್ಕೆ ಎರಡು ಬೈಟ್; ಹಿಡಿಯುವುದು 70 ಮಾತ್ರ. ಅದನ್ನು ಮೀರಿದರೆ ಸಂದೇಶ ತುಂಡಾಗುತ್ತದೆ, ತುಣುಕುಗಳನ್ನು ಜೋಡಿಸುವ ಗುರುತಿಗೆ ಆರು ಬೈಟ್ ಹೋಗಿ ತುಣುಕೊಂದಕ್ಕೆ 67 ಉಳಿಯುತ್ತದೆ. ಈ 67 ಕೂಡ ನಮ್ಮ ಕಣ್ಣಿಗೆ ಕಾಣುವ ಅಕ್ಷರಗಳಲ್ಲ. ‘ನಿಮ್ಮ’ ಎಂದು ಬರೆದರೆ ನಮಗೆ ಕಾಣುವುದು ಎರಡಕ್ಷರ. ಫೋನು ಎಣಿಸುವುದು ಐದು: ನ, ಗುಡಿಸು, ಮ, ವಿರಾಮ, ಮತ್ತೆ ಮ. ಹೆಸರು, ಖಾತೆ ಸಂಖ್ಯೆ, ಕಂತಿನ ಮೊತ್ತ, ದಿನಾಂಕ ಎಲ್ಲ ಸೇರಿದರೆ ಸಾಧಾರಣ ಸಂದೇಶವೂ 150ರ ಹತ್ತಿರ ಬರುತ್ತದೆ. ಅಲ್ಲಿಗೆ ಮೂರು ತುಣುಕು. ಬಲ್ಕ್ ಎಸ್‌ಎಂಎಸ್ ಮಾರುವವರು ಇದನ್ನು ಕ್ರೆಡಿಟ್ ಅಂತಾರೆ, ಬಿಲ್ಲೂ ಅದರ ಮೇಲೆಯೇ.

ಗೇಟ್‌ವೇಯ 20ರ ಮಿತಿ ಸಂದೇಶಕ್ಕೋ ತುಣುಕಿಗೋ ಎಂದು ಮೊದಲ ದಿನವೇ ಲಿಖಿತವಾಗಿ ಕೇಳಿಕೊಳ್ಳಬೇಕು. ತುಣುಕಿಗಾದರೆ 6,000 ಸಂದೇಶ 18,000 ತುಣುಕಾಗುತ್ತದೆ, ಐದು ನಿಮಿಷದ ಕೆಲಸ ಹದಿನೈದು ನಿಮಿಷ ಹಿಡಿಯುತ್ತದೆ. ಕೋಡಿನಲ್ಲಿ ಒಂದು ಸಾಲೂ ಬದಲಾಗಿಲ್ಲ, ಬದಲಾದದ್ದು ಭಾಷೆ.

ಈಗ ಏನಾಗುತ್ತದೆ ನೋಡಿ. ಮೊದಲ ರನ್ 6,000 ಸಾಲುಗಳನ್ನೂ ಒಟ್ಟಿಗೆ ಓದಿ ಮೆಮೊರಿಯಲ್ಲಿ ಇಟ್ಟುಕೊಂಡಿದೆ. ಹತ್ತನೆಯ ನಿಮಿಷಕ್ಕೆ 4,000 ಹೋಗಿವೆ. ಅಷ್ಟರಲ್ಲಿ ಎರಡನೆಯ ರನ್ ಎದ್ದು, ಇನ್ನೂ ‘ಪೆಂಡಿಂಗ್’ ಎಂದಿರುವ 2,000 ಸಾಲು ಎತ್ತಿಕೊಳ್ಳುತ್ತದೆ. ಅವೇ ಸಾಲುಗಳು ಮೊದಲ ರನ್‌ನ ಕೈಯಲ್ಲೂ ಇವೆ. ಎರಡೂ ತಮ್ಮ ತಮ್ಮ ಮಟ್ಟಿಗೆ ಸೆಕೆಂಡಿಗೆ 20ರ ಶಿಸ್ತು ಪಾಲಿಸುತ್ತಿರುತ್ತವೆ. ಗೇಟ್‌ವೇಗೆ ಕಾಣುವುದು 40. ಅರ್ಧಕ್ಕೆ 429 ಎಂಬ ಉತ್ತರ ಬರುತ್ತದೆ. ತಿರಸ್ಕಾರವಾದದ್ದನ್ನು ಕೋಡು ತಕ್ಷಣ ಮತ್ತೆ ಕಳಿಸುವಂತಿದ್ದರೆ ಒತ್ತಡ ಇನ್ನೂ ಏರುತ್ತದೆ. ಅತ್ತ ಸದಸ್ಯರಿಗೆ ಒಂದೇ ಕಂತಿಗೆ ಎರಡೆರಡು ಸಂದೇಶ. ‘ಎರಡು ಕಂತು ಕಟ್ಟಬೇಕೇನ್ರಿ?’ ಎಂದು ಮರುದಿನ ಕೌಂಟರಿನ ಮುಂದೆ ನಿಂತವರಿಗೆ ಯಾರು ಉತ್ತರ ಹೇಳಬೇಕು?

ಬ್ಯಾಚ್ ಚಿಕ್ಕದು ಮಾಡಿದರೆ ಸರಿಹೋಗುತ್ತದೆ ಎಂದು ಹಲವರು ಅಂದುಕೊಳ್ಳುತ್ತಾರೆ. ಬರೀ ಅದರಿಂದ ಆಗುವುದಿಲ್ಲ. ಎತ್ತಿಕೊಳ್ಳುವಾಗಲೇ ಸಾಲಿನ ಮೇಲೆ ‘ಇದು ನನ್ನದು’ ಎಂಬ ಗುರುತು ಬೀಳಬೇಕು. ಪೋಸ್ಟ್‌ಗ್ರೆಸ್‌ನಲ್ಲಿ 9.5ನೇ ಆವೃತ್ತಿಯಿಂದ ಇದಕ್ಕೆ ಸುಲಭದ ದಾರಿ ಇದೆ:

```sql
UPDATE messages
SET status = 'claimed', claimed_at = now()
WHERE id IN (
  SELECT id FROM messages
  WHERE status = 'pending'
  ORDER BY id LIMIT 100
  FOR UPDATE SKIP LOCKED)
RETURNING id, body, segments;
```

ಇನ್ನೊಂದು ರನ್ ಬೀಗ ಹಾಕಿಟ್ಟ ಸಾಲುಗಳನ್ನು ಇದು ಕಾಯದೆ ದಾಟಿಹೋಗುತ್ತದೆ. `segments` ಎಂಬ ಕಾಲಂ ಗಮನಿಸಿ. ತುಣುಕಿನ ಎಣಿಕೆ ಸಂದೇಶ ತಯಾರಾದಾಗಲೇ ಸಾಲಿನಲ್ಲಿ ಬರೆದಿರಬೇಕು. ವೇಗ ನಿಯಂತ್ರಕ ಎಣಿಸುವುದು ಅದನ್ನೇ. ಆ ನಿಯಂತ್ರಕವೂ ರನ್‌ಗೊಂದರಂತೆ ಇರದೆ ಇಡೀ ಖಾತೆಗೆ ಒಂದೇ ಇರಬೇಕು.

ಇನ್ನು ಅಂಕಿಗಳು. 20ರಲ್ಲಿ 20ನ್ನೂ ಬಳಸಬೇಡಿ. ಅದೇ ಖಾತೆಯಿಂದ ಒಟಿಪಿಯೂ ಹೋಗುತ್ತಿದ್ದರೆ, ಕಂತಿನ ಸಂದೇಶಗಳ ಹಿಂದೆ ಒಟಿಪಿ ಸಾಲು ನಿಂತು ಅವಧಿ ಮುಗಿದ ಮೇಲೆ ತಲುಪುತ್ತದೆ. ಐದನ್ನು ಅದಕ್ಕೆ ಬಿಟ್ಟು 15 ಇಟ್ಟುಕೊಳ್ಳೋಣ. ನೂರು ಸಂದೇಶದ ಬ್ಯಾಚಿಗೆ 300 ತುಣುಕು, 20 ಸೆಕೆಂಡ್. ರನ್ ಒಂಬತ್ತನೇ ನಿಮಿಷಕ್ಕೆ ತಾನಾಗಿ ನಿಲ್ಲಬೇಕು. ಒಂಬತ್ತು ನಿಮಿಷದಲ್ಲಿ 27 ಬ್ಯಾಚ್, 2,700 ಸಂದೇಶ. ಮೂರನೆಯ ರನ್ ಶುರುವಾಗಿ ಎರಡು ನಿಮಿಷಕ್ಕೆ 6,000 ಮುಗಿಯುತ್ತದೆ, ಒಟ್ಟು 22 ನಿಮಿಷ. ಕಂತಿನ ನೆನಪಿಗೆ ಇದೇನು ತಡವಲ್ಲ.

ಬ್ಯಾಚ್ ನೂರೇ ಯಾಕೆ? ಮಧ್ಯೆ ಕರೆಂಟು ಹೋದರೆ ಹೋಯಿತೋ ಇಲ್ಲವೋ ಗೊತ್ತಾಗದ ಸಂದೇಶಗಳು ಹೆಚ್ಚೆಂದರೆ ಅಷ್ಟೇ ಇರುತ್ತವೆ. ಅಷ್ಟನ್ನು ಗೇಟ್‌ವೇಯ ಡೆಲಿವರಿ ವರದಿ ಜೊತೆ ತಾಳೆ ನೋಡಬಹುದು, ಸಾವಿರವಾದರೆ ಯಾರೂ ನೋಡುವುದಿಲ್ಲ. ನನ್ನ ಮಟ್ಟಿಗೆ ಬ್ಯಾಚ್ ಗಾತ್ರ ತೀರ್ಮಾನಿಸಬೇಕಾದದ್ದು ಈ ತಾಳೆಯ ಲೆಕ್ಕದಿಂದ, ವೇಗದ ಆಸೆಯಿಂದಲ್ಲ.

ವಿಫಲವಾದವುಗಳಲ್ಲೂ ಎರಡು ಜಾತಿ. 429 ಬಂದರೆ `Retry-After` ಹೇಳಿದಷ್ಟು ಹೊತ್ತು ಇಡೀ ಖಾತೆಯ ರವಾನೆ ನಿಲ್ಲಬೇಕು. ನೋಂದಾಯಿತ ಟೆಂಪ್ಲೇಟಿಗೆ ಹೊಂದುವುದಿಲ್ಲ ಎಂಬ ಉತ್ತರ ಬಂದರೆ ಎಷ್ಟು ಕಾದರೂ ಪ್ರಯೋಜನವಿಲ್ಲ. ಮೊದಲ ಬ್ಯಾಚೇ ಹಾಗಾದರೆ ರನ್ ನಿಲ್ಲಿಸಿ ಮನುಷ್ಯರನ್ನು ಕರೆಯಬೇಕು. 2021ರ ಮಾರ್ಚ್ 8ರಂದು ಟೆಂಪ್ಲೇಟ್ ತಪಾಸಣೆ ಜಾರಿಯಾದಾಗ ದೇಶದುದ್ದಕ್ಕೂ ಒಟಿಪಿಗಳು ನಿಂತು, ಟ್ರಾಯ್ ಅದನ್ನು ಏಳು ದಿನ ತಡೆಹಿಡಿಯಬೇಕಾಯಿತು. ಆ ದಿನ ಮರುಪ್ರಯತ್ನದಿಂದ ಏನೂ ಆಗುವಂತಿರಲಿಲ್ಲ.

ಇದು ಎಸ್‌ಎಂಎಸ್‌ಗೆ ಮಾತ್ರ ಅಂಟಿದ ಸಮಸ್ಯೆಯಲ್ಲ. ವಿಕಿಪೀಡಿಯದ ಎಪಿಐ ಸಾಮಾನ್ಯ ಬಳಕೆದಾರರಿಗೆ ಒಂದು ಕೋರಿಕೆಯಲ್ಲಿ 50 ಶೀರ್ಷಿಕೆ ಕೊಡಲು ಬಿಡುತ್ತದೆ. ಕನ್ನಡದ ಪ್ರತಿ ಚಿಹ್ನೆಗೆ ಯುಟಿಎಫ್-8ರಲ್ಲಿ ಮೂರು ಬೈಟ್, ವಿಳಾಸದಲ್ಲಿ ಬರೆದರೆ ಒಂಬತ್ತು ಅಕ್ಷರ. ಹದಿನಾರು ಚಿಹ್ನೆಯ 50 ಶೀರ್ಷಿಕೆಗೇ 7,200 ಅಕ್ಷರವಾಯಿತು. ಶೀರ್ಷಿಕೆ ಸ್ವಲ್ಪ ಉದ್ದವಾದರೆ 50 ತುಂಬುವ ಮೊದಲೇ ವಿಳಾಸದ ಉದ್ದದ ಮಿತಿ ತಾಗುತ್ತದೆ. ಅಲ್ಲಿ ಪೋಸ್ಟ್ ವಿಧಾನದಲ್ಲಿ ಕಳಿಸುವುದೇ ದಾರಿ.

ಕೊನೆಗೆ ಒಂದು ವಿನಂತಿ. ಮಧ್ಯಾಹ್ನದ ಗೋಷ್ಠಿಯಲ್ಲಿ ಎಷ್ಟು ಬಾಕಿ ಇವೆ ಎಂಬ ಗ್ರಾಫ್ ತೋರಿಸುವವರು, ಅತ್ಯಂತ ಹಳೆಯ ಬಾಕಿ ಸಾಲು ಎಷ್ಟು ನಿಮಿಷದ್ದು ಎಂಬುದನ್ನೂ ಪಕ್ಕದಲ್ಲೇ ತೋರಿಸಿ. ತಿಂಗಳ ಮೊದಲ ದಿನ ಬಾಕಿ 6,000 ಇರುವುದು ಸಹಜ. ಅದರಲ್ಲಿ ಒಂದು ಸಾಲು ನಿನ್ನೆಯದಾಗಿದ್ದರೆ ಅಲ್ಲಿ ಏನೋ ಕೆಟ್ಟಿದೆ.